ಎಣಿಸಲಾಗದ ಗಣ, ಎಣಿಸಬಹುದಾದ ಮಾದರಿಯೊಳಗೆ

ಸದಸ್ಯರಿಗೆಲ್ಲ 1, 2, 3 ಎಂದು ಕ್ರಮಸಂಖ್ಯೆ ಕೊಡಲು ಬರುವಂಥ ಅನಂತ ಗಣವನ್ನು ಎಣಿಸಬಹುದಾದ ಗಣ ಎನ್ನುತ್ತಾರೆ. ವಾಸ್ತವ ಸಂಖ್ಯೆಗಳಿಗೆ ಹಾಗೆ ಕ್ರಮಸಂಖ್ಯೆ ಕೊಡಲಾಗದೆಂದು ಜರ್ಮನಿಯ ಗಣಿತಜ್ಞ ಕ್ಯಾಂಟರ್ 1874ರಲ್ಲೇ ಸಾಧಿಸಿದ್ದರು. ಆದರೆ 1915ರಲ್ಲಿ ಜರ್ಮನಿಯ ಲೋವೆನ್‌ಹೈಮ್ ಮೊದಲು ಮಂಡಿಸಿದ, 1920ರಲ್ಲಿ ನಾರ್ವೆಯ ಸ್ಕೋಲೆಮ್ ವಿಸ್ತರಿಸಿದ ಪ್ರಮೇಯವೊಂದಿದೆ. ಎಣಿಸಬಹುದಾದಷ್ಟೇ ಚಿಹ್ನೆಗಳಿರುವ ಪ್ರಥಮ ಕ್ರಮದ ಭಾಷೆಯಲ್ಲಿ ಬರೆದ ಸಿದ್ಧಾಂತಕ್ಕೆ ಅನಂತ ಮಾದರಿಯೊಂದು ಇದ್ದರೆ, ಎಣಿಸಬಹುದಾದ ಅನಂತ ಮಾದರಿಯೂ ಇರುತ್ತದೆ ಎಂದು ಅದು ಹೇಳುತ್ತದೆ. ಮಾದರಿ ಎಂದರೆ, ಸಿದ್ಧಾಂತದ ವಾಕ್ಯಗಳೆಲ್ಲ ನಿಜವಾಗುವಂಥ ಒಂದು ಪುಟ್ಟ ಅಥವಾ ದೊಡ್ಡ ಜಗತ್ತು. ಪ್ರಥಮ ಕ್ರಮ ಎಂದರೆ, 'ಎಲ್ಲ' ಮತ್ತು 'ಇದೆ' ಎಂಬ ಮಾತುಗಳು ಮಾದರಿಯ ಸದಸ್ಯರ ಬಗ್ಗೆ ಮಾತ್ರ ಬರಬಹುದು, ಸದಸ್ಯರ ಗುಂಪುಗಳ ಬಗ್ಗೆ ಅಲ್ಲ.

ಕಾರಣ ಸರಳವಾಗಿದೆ. ವಾಸ್ತವ ಸಂಖ್ಯೆಗಳನ್ನೇ, ಕೂಡುವಿಕೆ, ಗುಣಾಕಾರ ಮತ್ತು ಹಿರಿದು-ಕಿರಿದೆಂಬ ಸಂಬಂಧದೊಡನೆ ತೆಗೆದುಕೊಳ್ಳೋಣ. 0 ಮತ್ತು 1ರಿಂದ ಹೊರಡೋಣ. 'ವರ್ಗ ಮಾಡಿದರೆ 2 ಆಗುವ ಧನ ಸಂಖ್ಯೆ ಇದೆ' ಎಂಬ ಮಾತು ಮೂಲ ಮಾದರಿಯಲ್ಲಿ ನಿಜ, ಆದ್ದರಿಂದ ಅದಕ್ಕೆ ಸಾಕ್ಷಿಯಾದ √2 ಅನ್ನು ನಮ್ಮ ಗುಂಪಿಗೆ ಸೇರಿಸುತ್ತೇವೆ. ಹೀಗೆಯೇ ಈಗಾಗಲೇ ಗುಂಪಿನಲ್ಲಿರುವವುಗಳ ಬಗ್ಗೆ ನಿಜವಾಗಿರುವ ಪ್ರತಿಯೊಂದು 'ಇದೆ' ವಾಕ್ಯಕ್ಕೂ ಒಂದೇ ಒಂದು ಸಾಕ್ಷಿಯನ್ನು ಆರಿಸಿ ಸೇರಿಸುತ್ತೇವೆ. ಹೊಸಬರು ಬಂದ ಮೇಲೆ ಹೊಸ ವಾಕ್ಯಗಳು ಹುಟ್ಟುವುದರಿಂದ ಇದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತೇವೆ. ವಾಕ್ಯಗಳು ಎಣಿಸಬಹುದಾದಷ್ಟೇ ಇರುವುದರಿಂದ ಪ್ರತಿ ಸುತ್ತಿನಲ್ಲಿ ಸೇರುವವರೂ ಅಷ್ಟೇ, ಎಲ್ಲ ಸುತ್ತುಗಳನ್ನು ಒಟ್ಟುಗೂಡಿಸಿದರೂ ಅಷ್ಟೇ. ಕೊನೆಗೆ ಸಾಕ್ಷಿಯಿಲ್ಲದೆ ಉಳಿದ 'ಇದೆ' ವಾಕ್ಯವೇ ಇರುವುದಿಲ್ಲವಾದ್ದರಿಂದ, ಈ ಪುಟ್ಟ ಗುಂಪಿನಲ್ಲೂ ಮೂಲದಲ್ಲಿ ನಿಜವಾಗಿದ್ದ ವಾಕ್ಯಗಳೇ ನಿಜವಾಗುತ್ತವೆ. ಪ್ರತಿ ಸಲವೂ ಬೀಜೀಯ ಸಂಖ್ಯೆಗಳನ್ನೇ, ಅಂದರೆ ಪೂರ್ಣಾಂಕ ಸಹಗುಣಕಗಳ ಬಹುಪದ ಸಮೀಕರಣಗಳಿಗೆ ಉತ್ತರವಾಗುವ ಸಂಖ್ಯೆಗಳನ್ನೇ, ಆರಿಸಿಕೊಂಡರೆ π ಒಳಗೆ ಬರುವುದೇ ಇಲ್ಲ, ಆದರೂ ಈ ಭಾಷೆಯ ಯಾವ ವಾಕ್ಯಕ್ಕೂ ಆ ಕೊರತೆ ತಿಳಿಯದು.

ಗಣ ಸಿದ್ಧಾಂತಕ್ಕೆ ಇದನ್ನು ಅನ್ವಯಿಸಿದಾಗ ಬೆಚ್ಚಿಬೀಳುವಂತಾಗುತ್ತದೆ. ಗಣ ಸಿದ್ಧಾಂತದ ಮೂಲ ನಿಯಮಗಳಾದ ಜರ್ಮೆಲೊ-ಫ್ರಾಂಕೆಲ್ ಸ್ವಯಂಸಿದ್ಧಗಳೂ ಪ್ರಥಮ ಕ್ರಮದವೇ. ಅವಕ್ಕೆ ಮಾದರಿ ಇದೆಯೆಂದಾದರೆ ಎಣಿಸಬಹುದಾದ ಮಾದರಿಯೂ ಇದೆ. ಆದರೆ ಆ ಮಾದರಿಯಲ್ಲಿ ಕ್ಯಾಂಟರ್ ಪ್ರಮೇಯವೂ ನಿಜ, ಅಂದರೆ ಅದರೊಳಗಿನ 'ವಾಸ್ತವ ಸಂಖ್ಯೆಗಳ ಗಣ' ಎಣಿಸಲಾಗದ್ದು. ಇಡೀ ಜಗತ್ತೇ ಎಣಿಕೆಗೆ ಸಿಗುವಾಗ ಅದರ ಒಂದು ಗಣ ಸಿಗದಿರುವುದು ಹೇಗೆ?

1922ರಲ್ಲಿ ಸ್ಕೋಲೆಮ್ ಕೊಟ್ಟ ಉತ್ತರ 'ಎಣಿಸಲಾಗದು' ಎಂಬ ಮಾತಿನಲ್ಲೇ ಅಡಗಿದೆ. ಆ ಮಾತಿನ ಅರ್ಥ, ಆ ಗಣವನ್ನು 1, 2, 3ರೊಂದಿಗೆ ಜೋಡಿಸುವ ಉತ್ಪನ್ನ, ಅಂದರೆ ಜೋಡಣೆಯ ನಿಯಮ, ಇಲ್ಲ ಎಂಬುದು. ಮಾದರಿಯೊಳಗೆ ಅದನ್ನು ಓದಿದಾಗ, ಅಂಥ ಉತ್ಪನ್ನ ಮಾದರಿಯ ಸದಸ್ಯನಾಗಿ ಇಲ್ಲ ಎಂದಷ್ಟೇ ಆಗುತ್ತದೆ. ಹೊರಗೆ ನಿಂತ ನಮ್ಮ ಬಳಿ ಜೋಡಣೆಯ ಪಟ್ಟಿ ಇದೆ, ಒಳಗಿನವರಿಗೆ ಅದು ಸಿಗದು. ಹಾಗಾಗಿ ವಿರೋಧಾಭಾಸವೆಂದು ಹೆಸರಾದರೂ ಇಲ್ಲಿ ತಾರ್ಕಿಕ ವಿರೋಧವೇನೂ ಇಲ್ಲ. ಸ್ಕೋಲೆಮ್ ಮಾತ್ರ ಇದರಿಂದ ಎಣಿಸಲಾಗದಿರುವುದು ಸಾಪೇಕ್ಷವೆಂದೂ, ಸ್ವಯಂಸಿದ್ಧಗಳ ಗಣ ಸಿದ್ಧಾಂತ ಗಣಿತಕ್ಕೆ ತಕ್ಕ ಬುನಾದಿಯಲ್ಲವೆಂದೂ ತೀರ್ಮಾನಿಸಿದರು. ಈ ಎರಡನೆಯ ಹೆಜ್ಜೆ ನನಗೆ ಅವಸರದ್ದೆನಿಸುತ್ತದೆ. 1963ರಲ್ಲಿ ಪಾಲ್ ಕೋಹೆನ್ ಇದೇ ವಿಚಿತ್ರವನ್ನು ಉಪಕರಣವಾಗಿಸಿಕೊಂಡರು: ಮಾದರಿ ಎಣಿಸಬಹುದಾದ್ದಾಗಿರುವುದರಿಂದಲೇ ಅದರಲ್ಲಿಲ್ಲದ ಹೊಸ ವಾಸ್ತವ ಸಂಖ್ಯೆಗಳನ್ನು ಹೊರಗಿನಿಂದ ಹಂತಹಂತವಾಗಿ ಕಟ್ಟಿ, ಅವನ್ನು ಸೇರಿಸಿ, ಎಣಿಸಬಹುದಾದ ಗಣಕ್ಕೂ ವಾಸ್ತವ ಸಂಖ್ಯೆಗಳ ಗಣಕ್ಕೂ ನಡುವಿನ ಗಾತ್ರದ ಗಣವಿಲ್ಲವೆಂಬ ಕ್ಯಾಂಟರರ ಸಾತತ್ಯ ಊಹೆ ಸುಳ್ಳಾಗುವ ಮಾದರಿಯನ್ನು ಪಡೆದರು.