ಹಳೆ ಬಾಟಲಿಗೆ ಹೆಚ್ಚು ಅಂಕ ಕೊಡುವ ಪರೀಕ್ಷೆ

ಕಳೆದ ಮೇ ತಿಂಗಳಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಎರಡು ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ತಂದಳು. ಅವಳ ಮನೆಯವರದು ಅಂಕೋಲೆಯಲ್ಲಿ ಮೆಡಿಕಲ್ ಅಂಗಡಿ. ಒಂದು ಬಾಟಲಿ ಹೊಸದು. ಇನ್ನೊಂದು ಒಮ್ಮೆ ತೆರೆದು, ಮುಂಬಾಗಿಲ ಹತ್ತಿರದ ಕಬ್ಬಿಣದ ರ‍್ಯಾಕಿನಲ್ಲಿ ಎರಡು ಬೇಸಿಗೆ ಕಳೆದದ್ದು. ಎರಡರ ಮೇಲೂ '20 ವಾಲ್ಯೂಮ್' ಎಂದೇ ಇತ್ತು. 'ಸರ್, ಗಾಯಕ್ಕೆ ಹಚ್ಚಿದರೆ ಹಳೇದು ಮೊದಲಿನಷ್ಟು ನೊರೆ ಬರೋದಿಲ್ಲ ಅಂತಾರೆ ಅಪ್ಪ. ನಿಜವಾ?' ಎಂದು ಕೇಳಿದಳು. ಕಾರವಾರದ ನಮ್ಮ ಲ್ಯಾಬಿನಲ್ಲಿ ಅಳೆದು ನೋಡೋಣ ಎಂದೆ.

ಮೊದಲು ಆ '20 ವಾಲ್ಯೂಮ್' ಎಲ್ಲಿಂದ ಬಂತು ಎಂದು ಹೇಳಬೇಕು. 1818ರಲ್ಲಿ ಫ್ರಾನ್ಸಿನ ಲೂಯಿ ಜಾಕ್ ಥೆನಾರ್ ಬೇರಿಯಂ ಪೆರಾಕ್ಸೈಡನ್ನು ಆಮ್ಲದಲ್ಲಿ ಕರಗಿಸಿ ಈ ದ್ರವ ತಯಾರಿಸಿದರು. 'ಆಮ್ಲಜನಕ ತುಂಬಿದ ನೀರು' ಎಂಬ ಅರ್ಥದ ಹೆಸರಿಟ್ಟರು. ದ್ರವ ಒಡೆದರೆ ಹೊರಬರುವುದು ಆಮ್ಲಜನಕವೇ. ಹಾಗಾಗಿ ಶಕ್ತಿಯನ್ನೂ ಅದೇ ಲೆಕ್ಕದಲ್ಲಿ ಹೇಳುವ ರೂಢಿ ಬಂತು. ಒಂದು ಲೀಟರ್ ದ್ರವದಿಂದ 20 ಲೀಟರ್ ಆಮ್ಲಜನಕ ಬಂದರೆ ಅದು 20 ವಾಲ್ಯೂಮ್. ಶೇಕಡಾ ಲೆಕ್ಕದಲ್ಲಿ ಸುಮಾರು 6. ಲೋಹದ ಚೂರು ಬಿದ್ದರೆ ಅದು ಬೇಗ ಒಡೆಯುತ್ತದೆ, ಸ್ವಲ್ಪ ಆಮ್ಲ ಇದ್ದರೆ ತಡೆದುಕೊಳ್ಳುತ್ತದೆ ಎಂಬುದನ್ನೂ ಥೆನಾರ್ ಆಗಲೇ ಕಂಡಿದ್ದರು. ಮುಂದಿನ ತಾಪತ್ರಯವೆಲ್ಲ ಈ ಒಂದು ಮಾತಿನಲ್ಲೇ ಇದೆ.

ಅಳೆಯುವ ದಾರಿ ಸಿಕ್ಕಿದ್ದು ಕಬ್ಬಿಣದಿಂದ. 1846ರಲ್ಲಿ ಮಾರ್ಗರಿಟ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಕಬ್ಬಿಣವನ್ನು ಪರ್ಮಾಂಗನೇಟಿನಿಂದ ಅಳೆಯುವುದನ್ನು ತೋರಿಸಿದರು. ಅದೇ ಪರ್ಮಾಂಗನೇಟಿನಿಂದ ಪೆರಾಕ್ಸೈಡನ್ನೂ ಅಳೆಯಬಹುದು. ಅದರ ಬಣ್ಣ ಕಡು ನೇರಳೆ. ಆಮ್ಲದಲ್ಲಿ ಕೆಲಸ ಮುಗಿಸಿದ ಮೇಲೆ ಬಣ್ಣವೇ ಇರುವುದಿಲ್ಲ. ಹಾಗಾಗಿ ಬೇರೆ ಸೂಚಕ ಬೇಡ. ಪೆರಾಕ್ಸೈಡ್ ಮುಗಿದ ಮರುಹನಿಗೇ ಫ್ಲಾಸ್ಕ್ ತೆಳು ಗುಲಾಬಿಯಾಗುತ್ತದೆ.

```
2KMnO4 + 5H2O2 + 3H2SO4 → 2MnSO4 + K2SO4 + 5O2 + 8H2O
```

ನಾವು ಮಾಡಿದ್ದು ಹೀಗೆ. ಬಾಟಲಿಯಿಂದ 10 ಮಿ.ಲೀ. ಪಿಪೆಟ್ ಮಾಡಿ, ಡಿಸ್ಟಿಲ್ಡ್ ನೀರು ಸೇರಿಸಿ 250 ಮಿ.ಲೀ.ಗೆ ತಂದೆವು. ಅದರಲ್ಲಿ 25 ಮಿ.ಲೀ. ತೆಗೆದುಕೊಂಡರೆ ಮೂಲ ದ್ರವದ ಸರಿಯಾಗಿ 1 ಮಿ.ಲೀ. ಬಂದಂತೆ. ಅದಕ್ಕೆ 20 ಮಿ.ಲೀ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ, ಬ್ಯೂರೆಟ್ಟಿನಿಂದ 0.02 ಮೋಲಾರ್ ಪರ್ಮಾಂಗನೇಟ್ ಬಿಟ್ಟೆವು. ಈ ಪರ್ಮಾಂಗನೇಟಿನ 1 ಮಿ.ಲೀ. ಎಂದರೆ 1.701 ಮಿ.ಗ್ರಾಂ ಪೆರಾಕ್ಸೈಡ್.

ಮೊದಲ ಕೆಲವು ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ಈ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಚುರುಕು ಮಾಡಬೇಕು, ಅದು ಇನ್ನೂ ಹುಟ್ಟಿರುವುದಿಲ್ಲ. ಆಗ ಹುಡುಗರು ಬಿಸಿ ಮಾಡಿಯೇ ನಡೆಸುವ ಆಕ್ಸಲೇಟ್ ಪ್ರಯೋಗದ ನೆನಪಲ್ಲಿ ಫ್ಲಾಸ್ಕ್ ಬಿಸಿ ಮಾಡಲು ಹೋಗುತ್ತಾರೆ. ಬಿಸಿ ಮಾಡಿದರೆ ಪೆರಾಕ್ಸೈಡೇ ಒಡೆದು ಹೋಗುತ್ತದೆ. ಸುಮ್ನೆ ಅಲ್ಲಾಡಿಸುತ್ತಾ ಕಾಯಬೇಕು, ಅಷ್ಟೇ. ಆಮ್ಲ ಕಡಿಮೆಯಾದರೆ ಗುಲಾಬಿಯ ಬದಲು ಕಂದು ಕೆಸರು ಬರುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಅದೂ ಪೆರಾಕ್ಸೈಡನ್ನು ಒಡೆಯುವಂಥದ್ದೇ. ಕಂದು ಕಂಡರೆ ಆ ಫ್ಲಾಸ್ಕನ್ನು ಚೆಲ್ಲಿ ಮತ್ತೆ ಶುರು ಮಾಡಬೇಕು.

ಹೊಸ ಬಾಟಲಿಗೆ 35.1 ಮಿ.ಲೀ. ಬೇಕಾಯಿತು. ಲೆಕ್ಕ ಹಾಕಿದರೆ ಶೇ. 5.97, ಅಂದರೆ ಲೇಬಲ್ ಸರಿ. ಹಳೆಯದಕ್ಕೆ 22.4 ಮಿ.ಲೀ.ಗೇ ಗುಲಾಬಿ ಬಂತು. ಅದು ಶೇ. 3.81. ವಾಲ್ಯೂಮಿಗೆ ತಿರುಗಿಸಲು 3.29ರಿಂದ ಗುಣಿಸಬೇಕು. 20 ಎಂದು ಬರೆದ ಬಾಟಲಿಯಲ್ಲಿ ಉಳಿದದ್ದು ಹನ್ನೆರಡೂವರೆ.

ಆದರೆ ಆ 22.4 ಮಿ.ಲೀ.ಯಷ್ಟೂ ಪೆರಾಕ್ಸೈಡಿಗೇ ಹೋಯಿತು ಎಂದು ಹೇಗೆ ನಂಬುವುದು? ಇಲ್ಲಿ ಹಳೆಯ ಕತೆಯೊಂದನ್ನು ತರಬೇಕು. ಬೇರಿಯಂ ದಾರಿಯಲ್ಲಿ ತಯಾರಾದ ಪೆರಾಕ್ಸೈಡಿನಲ್ಲಿ ಕಲ್ಮಶ ಉಳಿಯುತ್ತಿತ್ತು, ಬೇಗ ಸಪ್ಪೆಯಾಗುತ್ತಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಔಷಧ ತಯಾರಕರು ಅದಕ್ಕೆ ಒಂದಿಷ್ಟು ಅಸಿಟನಿಲೈಡ್ ಬೆರೆಸುತ್ತಿದ್ದರು. ಜ್ವರಕ್ಕೆ ಕೊಡುತ್ತಿದ್ದ ಅದೇ ಅಸಿಟನಿಲೈಡ್. ಹೀಗೆ ದ್ರವ ಒಡೆಯದಂತೆ ಬೆರೆಸುವ ವಸ್ತುವೇ ಸ್ಟೆಬಿಲೈಸರ್. ಬಾಟಲಿ ಜಾಸ್ತಿ ದಿನ ತಾಳಿತು. ಆದರೆ ಪರ್ಮಾಂಗನೇಟ್ ಪೆರಾಕ್ಸೈಡನ್ನು ಮಾತ್ರ ಹುಡುಕಿ ತಿನ್ನುವುದಿಲ್ಲ, ಇಂಥ ಸಾವಯವ ವಸ್ತುವನ್ನೂ ತಿನ್ನುತ್ತದೆ. ಹೆಚ್ಚುವರಿ ಮಿಲಿಲೀಟರ್‌ಗಳೆಲ್ಲ ಪೆರಾಕ್ಸೈಡಿನ ಖಾತೆಗೇ ಜಮೆಯಾಗುತ್ತವೆ.

ಹಳೆತನ ಸೇರಿದಾಗ ಈ ತಪ್ಪು ದೊಡ್ಡದಾಗುತ್ತದೆ. ಸ್ಟೆಬಿಲೈಸರ್ 0.4 ಮಿ.ಲೀ. ಪರ್ಮಾಂಗನೇಟ್ ತಿನ್ನುತ್ತದೆ ಎಂದು ಇಟ್ಟುಕೊಳ್ಳಿ. ಹೊಸ ಬಾಟಲಿಯ 35ರಲ್ಲಿ ಅದು ನೂರಕ್ಕೆ ಒಂದರಷ್ಟು, ಯಾರ ಕಣ್ಣಿಗೂ ಬೀಳದು. ಪೆರಾಕ್ಸೈಡ್ ಒಡೆದು ನಿಜವಾದ ಅಳತೆ 7ಕ್ಕೆ ಇಳಿದಾಗಲೂ ಸ್ಟೆಬಿಲೈಸರ್ ಬಹುಪಾಲು ಅಲ್ಲೇ ಇರುತ್ತದೆ. ಆಗ ಅದೇ 0.4 ನೂರಕ್ಕೆ ಆರರ ಹತ್ತಿರ. ಇದರ ಜೊತೆ ಪರ್ಮಾಂಗನೇಟ್ ದ್ರಾವಣವೂ ಹಳೆಯದಾದರೆ ಅದರ ಶಕ್ತಿ ಕುಗ್ಗಿ, ಇನ್ನಷ್ಟು ಮಿಲಿಲೀಟರ್ ಬೇಕಾಗುತ್ತದೆ. ಎರಡು ತಪ್ಪೂ ಒಂದೇ ಕಡೆಗೆ ವಾಲುತ್ತವೆ: ದ್ರವ ಇರುವುದಕ್ಕಿಂತ ಗಟ್ಟಿ ಎಂದು ತೋರಿಸುತ್ತವೆ. ಅದಕ್ಕೇ ನಾನು ಪರ್ಮಾಂಗನೇಟನ್ನು ಅದೇ ದಿನ ಸೋಡಿಯಂ ಆಕ್ಸಲೇಟಿನಿಂದ ಪರೀಕ್ಷಿಸದೆ ಬ್ಯೂರೆಟ್ಟಿಗೆ ಹಾಕಲು ಬಿಡುವುದಿಲ್ಲ.

ಸಾವಯವ ವಸ್ತು ಇದೆಯೇ ಎಂದು ಕಣ್ಣಿನಲ್ಲೇ ಅನುಮಾನ ಪಡಬಹುದು. ಅದು ಪರ್ಮಾಂಗನೇಟಿನ ಜೊತೆ ನಿಧಾನವಾಗಿ ಕ್ರಿಯೆ ನಡೆಸುವಂಥದ್ದು. ಗುಲಾಬಿ ಬಂದು, ಕೆಲವೇ ಸೆಕೆಂಡಿನಲ್ಲಿ ಮಾಸಿ, ಮತ್ತೊಂದು ಹನಿಗೆ ಬಂದು, ಮತ್ತೆ ಮಾಸುತ್ತದೆ. ಖಚಿತಪಡಿಸಲು ಅಯೋಡೈಡ್ ದಾರಿ ಹಿಡಿಯಬೇಕು, ಅಲ್ಲಿ ಇಂಥ ಸಾವಯವ ವಸ್ತು ಅಷ್ಟಾಗಿ ಅಡ್ಡಬರುವುದಿಲ್ಲ. ಅದೇ 25 ಮಿ.ಲೀ.ಗೆ ಆಮ್ಲ, ಪೊಟ್ಯಾಸಿಯಂ ಅಯೋಡೈಡ್, ಕ್ರಿಯೆ ಚುರುಕಾಗಲು ಎರಡು ಮೂರು ಹನಿ ಅಮೋನಿಯಂ ಮಾಲಿಬ್ಡೇಟ್ ಹಾಕಿ, ಹೊರಬಂದ ಅಯೋಡಿನ್ನನ್ನು 0.1 ಮೋಲಾರ್ ಥಯೋಸಲ್ಫೇಟಿನಿಂದ ಅಳೆಯುವುದು. ಇಲ್ಲೂ 1 ಮಿ.ಲೀ.ಗೆ 1.701 ಮಿ.ಗ್ರಾಂ. ಹಾಗಾಗಿ ಎರಡು ಬ್ಯೂರೆಟ್ ಓದುಗಳನ್ನು ನೇರವಾಗಿ ಪಕ್ಕಪಕ್ಕ ಇಡಬಹುದು. ಅಂಕೋಲೆಯ ಹಳೆ ಬಾಟಲಿಗೆ 22.3 ಬಂತು. 22.4ಕ್ಕೂ 22.3ಕ್ಕೂ ವ್ಯತ್ಯಾಸವೇ ಇಲ್ಲ ಅನ್ನಬಹುದು. ಅಂದರೆ ಅದರಲ್ಲಿ ಕಾಟ ಕೊಡುವ ಸಾವಯವ ವಸ್ತು ಇರಲಿಲ್ಲ.

ಅದಕ್ಕೂ ಇತಿಹಾಸವಿದೆ. 1930ರ ದಶಕದಲ್ಲಿ ಜರ್ಮನಿಯಲ್ಲಿ ಬೆಳೆದ ಆಂಥ್ರಾಕ್ವಿನೋನ್ ವಿಧಾನ ಮುಂದೆ ಎಲ್ಲೆಡೆ ಹರಡಿತು, ದ್ರವ ಹೆಚ್ಚು ಶುದ್ಧವಾಯಿತು. ಸ್ಟೆಬಿಲೈಸರ್ ಆಗಿ ಸೋಡಿಯಂ ಸ್ಟ್ಯಾನೇಟ್, ಪೈರೋಫಾಸ್ಫೇಟ್, ಫಾಸ್ಫಾರಿಕ್ ಆಮ್ಲ ಬಂದವು. ಪೆರಾಕ್ಸೈಡ್ ಒಡೆಯುವ ಲೋಹದ ಅಯಾನುಗಳನ್ನು ಇವು ಹಿಡಿದಿಡುತ್ತವೆ, ಪರ್ಮಾಂಗನೇಟಿನ ತಂಟೆಗೆ ಹೋಗುವುದಿಲ್ಲ.

ಹಾಗಿದ್ದೂ ಬಾಟಲಿ ಯಾಕೆ ಇಷ್ಟು ಇಳಿಯಿತು? ಉಷ್ಣತೆ 10 ಡಿಗ್ರಿ ಏರಿದರೆ ಒಡೆಯುವ ವೇಗ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ. ಸಿರ್ಸಿಯ ತಂಪು ಕೋಣೆಯಲ್ಲಿ ಇಟ್ಟದ್ದಕ್ಕೂ ಕರಾವಳಿಯ ಬಿಸಿಲು ಬೀಳುವ ರ‍್ಯಾಕಿನಲ್ಲಿ ಇಟ್ಟದ್ದಕ್ಕೂ ಇಲ್ಲೇ ದೊಡ್ಡ ಅಂತರ. ಆದರೆ ನನ್ನ ಅನುಮಾನ ಜಾಸ್ತಿ ಕಬ್ಬಿಣದ ಮೇಲೆ. ನಮ್ಮ ಚಿರೇಕಲ್ಲಿನ ಕೆಂಪು ಧೂಳಲ್ಲಿ ಇರುವುದು ಕಬ್ಬಿಣ, ಉಪ್ಪುಗಾಳಿಗೆ ಉದುರುವ ತುಕ್ಕೂ ಕಬ್ಬಿಣ. ಸ್ಟೆಬಿಲೈಸರ್ ಅಳತೆ ಮಾಡಿ ಹಾಕಿದ್ದು. ಕಾರ್ಖಾನೆಯಿಂದ ಬರುವಾಗ ಇದ್ದ ಲೋಹಕ್ಕೆ ಅದು ಸಾಕು, ಆಮೇಲೆ ಬೀಳುವುದಕ್ಕೆಲ್ಲ ಸಾಲದು. ವಿಚಾರಿಸಿದಾಗ ಅವಳೇ ಹೇಳಿದಳು: ಗಾಯ ತೊಳೆಯಲು ಬಟ್ಟಲಿಗೆ ಹಾಕಿ ಮಿಕ್ಕಿದ್ದನ್ನು ಬಾಟಲಿಗೇ ವಾಪಸ್ ಸುರಿಯುವ ಅಭ್ಯಾಸ ಮನೆಯಲ್ಲಿತ್ತಂತೆ.

ಮರುವಾರ ಅವಳು ಕೂದಲ ಬಣ್ಣದ ಜೊತೆ ಬರುವ 20 ವಾಲ್ಯೂಮ್ ಡೆವಲಪರ್ ಕ್ರೀಮ್ ತಂದಳು. ಕ್ರೀಮನ್ನು ಪಿಪೆಟ್ ಮಾಡಲಾಗದು, ಹಾಗಾಗಿ 10 ಗ್ರಾಂ ತೂಗಿ 250 ಮಿ.ಲೀ.ಗೆ ತಂದೆವು. ಪರ್ಮಾಂಗನೇಟ್ ಹಾಕಿದಾಗ ಗುಲಾಬಿ ನಿಲ್ಲಲೇ ಇಲ್ಲ. ಕೊನೆಗೆ 38 ಮಿ.ಲೀ. ಎಂದು ಬರೆದುಕೊಂಡೆವು. ಥಯೋಸಲ್ಫೇಟ್ 34.9 ಎಂದಿತು. ಅವಳು ರೆಕಾರ್ಡ್ ಪುಸ್ತಕದಲ್ಲಿ ಮೊದಲನೆಯದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಕ್ರೀಮಿನ ಕೊಬ್ಬು' ಎಂದು ಬರೆದಳು.