ಶೀರ್ಷಿಕೆ ಹೇಳಿದ್ದೆಷ್ಟು, ಸುದ್ದಿಯಲ್ಲಿರುವುದೆಷ್ಟು? ಕನ್ನಂಬಾಡಿ ಸುದ್ದಿಯೊಂದನ್ನು ಬಿಡಿಸಿ ನೋಡುವುದು

ಮಳೆಗಾಲ ಶುರುವಾದರೆ ಮಂಡ್ಯ, ಮೈಸೂರಿನ ಓದುಗರು ದಿನವೂ ನೋಡುವ ಸುದ್ದಿ ಕನ್ನಂಬಾಡಿಯ ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟದ್ದು. ದಾರಿ ತಪ್ಪಿಸುವ ಶೀರ್ಷಿಕೆಯನ್ನು ಗುರುತಿಸಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಒಳಗಿನ ಸುದ್ದಿಯಲ್ಲಿ ಅಡಿ, ಟಿಎಂಸಿ, ಕ್ಯೂಸೆಕ್ ಎಂದು ಲೆಕ್ಕ ಹಾಕಬಹುದಾದ ಅಂಕಿಗಳಿರುತ್ತವೆ. ಮೇಲಿನ ಶೀರ್ಷಿಕೆಯಲ್ಲಿ ಮಾತ್ರ ಭೀತಿ, ಆತಂಕ, ಕ್ಷಣಗಣನೆ ಇರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಷ್ಟು ಉಬ್ಬಿಸಿದ್ದಾರೆ ಎಂದು ಅಳೆದೇ ಹೇಳಬಹುದು.

ಕೆಳಗಿನದು ಅಭ್ಯಾಸಕ್ಕೆಂದು ನಾವೇ ಕಟ್ಟಿದ ಸುದ್ದಿ, ಯಾವ ಪತ್ರಿಕೆಯದ್ದೂ ಅಲ್ಲ. ಅಣೆಕಟ್ಟೆಯ ಗರಿಷ್ಠ ಮಟ್ಟವಾದ 124.80 ಅಡಿ ಮಾತ್ರ ನಿಜವಾದ ಅಂಕಿ, ಉಳಿದವು ಪಾಠಕ್ಕಾಗಿ ಹಾಕಿದವು.

ಕೆಆರ್‌ಎಸ್ ಭರ್ತಿಗೆ ಕ್ಷಣಗಣನೆ: ನದಿಪಾತ್ರದಲ್ಲಿ ಪ್ರವಾಹ ಭೀತಿ, ಜನ ಕಂಗಾಲು

ಕೊಡಗಿನಲ್ಲಿ ಮಳೆ ಮುಂದುವರಿದಿದ್ದು, ಕೆಆರ್‌ಎಸ್ ಜಲಾಶಯಕ್ಕೆ ಒಳಹರಿವು ಹೆಚ್ಚಿದೆ. ಗರಿಷ್ಠ 124.80 ಅಡಿ ಸಾಮರ್ಥ್ಯದ ಜಲಾಶಯದಲ್ಲಿ ಸೋಮವಾರ ಬೆಳಿಗ್ಗೆ ನೀರಿನ ಮಟ್ಟ 118.40 ಅಡಿ ಇತ್ತು. 41 ಟಿಎಂಸಿ ನೀರು ಸಂಗ್ರಹವಿದ್ದು, ಒಳಹರಿವು 22,000 ಕ್ಯೂಸೆಕ್, ಹೊರಹರಿವು 2,500 ಕ್ಯೂಸೆಕ್ ಇದೆ. ಒಳಹರಿವು ಹೀಗೇ ಇದ್ದರೆ ವಾರಾಂತ್ಯಕ್ಕೆ ಭರ್ತಿಯಾಗುವ ಸಾಧ್ಯತೆ ಇದೆ, ನದಿಗೆ ನೀರು ಬಿಡುವುದಾದರೆ ಮುಂಚಿತವಾಗಿ ತಿಳಿಸಲಾಗುವುದು, ದಂಡೆಯ ಜನ ಎಚ್ಚರದಿಂದಿರಬೇಕು ಎಂದು ಅಧಿಕಾರಿಯೊಬ್ಬರು ಹೇಳಿದರು. 'ಈ ಸಲ ನಾಲೆಗೆ ನೀರು ಬಂದರೆ ನಾಟಿ ಮಾಡ್ತೀವಿ' ಎಂದು ಪಾಂಡವಪುರ ತಾಲ್ಲೂಕಿನ ರೈತರೊಬ್ಬರು ಸಂತಸ ವ್ಯಕ್ತಪಡಿಸಿದರು.

ಮೊದಲ ಕೆಲಸ ಶೀರ್ಷಿಕೆಯನ್ನು ಒಡೆಯುವುದು. ಒಳಗಿನ ಸುದ್ದಿಯನ್ನು ಕೈಯಿಂದ ಮುಚ್ಚಿ, ಶೀರ್ಷಿಕೆಯನ್ನಷ್ಟೇ ಓದಿದವರು ಏನೇನು ನಂಬುತ್ತಾರೆ ಎಂದು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ಇಲ್ಲಿ ಮೂರು ವಾಕ್ಯ ಸಿಗುತ್ತವೆ: ಅಣೆಕಟ್ಟೆ ಇನ್ನೇನು ಕೆಲವೇ ಗಂಟೆಗಳಲ್ಲಿ ತುಂಬುತ್ತದೆ, ನದಿಯ ದಂಡೆಯಲ್ಲಿ ಪ್ರವಾಹದ ಭಯವಿದೆ, ಜನ ದಿಕ್ಕು ತೋಚದೆ ಕೂತಿದ್ದಾರೆ. ಪೂರ್ಣ ವಾಕ್ಯವನ್ನೇ ಬರೆಯಬೇಕು. ಏಕೆಂದರೆ ಕನ್ನಡದ ಶೀರ್ಷಿಕೆ ಕ್ರಿಯಾಪದವನ್ನು ನುಂಗಿಬಿಡುತ್ತದೆ. 'ಪ್ರವಾಹ ಭೀತಿ' ಎಂದಾಗ ಭೀತಿ ಇದೆಯೋ, ಬರಬಹುದೋ, ಹೋದ ವರ್ಷ ಇತ್ತೋ ಗೊತ್ತಾಗುವುದಿಲ್ಲ. ಹೆದರಿದವರು ಯಾರು ಎಂಬುದೂ ಬಿಟ್ಟುಹೋಗಿರುತ್ತದೆ. ಆ ಖಾಲಿ ಜಾಗವನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ, ಸಾಮಾನ್ಯವಾಗಿ ಅತಿ ಕೆಟ್ಟ ಅರ್ಥದಿಂದಲೇ. ಕ್ರಿಯಾಪದವನ್ನು ವಾಪಸ್ ತಂದು ಕೂರಿಸಿದಾಗ ಮಾತ್ರ ಹುಡುಕಬೇಕಾದದ್ದು ಏನೆಂದು ಸ್ಪಷ್ಟವಾಗುತ್ತದೆ.

ಈಗ ಕೈ ತೆಗೆದು ಒಂದೊಂದೇ ವಾಕ್ಯಕ್ಕೆ ಒಳಗೆ ಆಧಾರ ಹುಡುಕಿ. ನಾಲ್ಕರಲ್ಲಿ ಒಂದು ಗುರುತು ಹಾಕಿ: ಇದೆ, ಇಷ್ಟಿಲ್ಲ, ಇಲ್ಲವೇ ಇಲ್ಲ, ಉಲ್ಟಾ ಇದೆ.

'ಕ್ಷಣಗಣನೆ'ಯನ್ನು ಲೆಕ್ಕದಿಂದಲೇ ಪರೀಕ್ಷಿಸಬಹುದು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ ಸುಮಾರು 11,574 ಬರುತ್ತದೆ. ಅಂದರೆ ಇಡೀ ದಿನ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಈ ಒಂದು ಅಂಕಿ ನೆನಪಿದ್ದರೆ ಕಾವೇರಿ ಸುದ್ದಿಗಳ ಅರ್ಧ ಗೊಂದಲ ಬಗೆಹರಿಯುತ್ತದೆ.

ನಮ್ಮ ಸುದ್ದಿಯಲ್ಲಿ ಒಳಗೆ ಬರುವುದರಲ್ಲಿ ಹೊರಗೆ ಹೋಗುವುದನ್ನು ಕಳೆದರೆ ಅಣೆಕಟ್ಟೆಯಲ್ಲಿ ಉಳಿಯುವುದು 19,500 ಕ್ಯೂಸೆಕ್. ಅದನ್ನು 11,574ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 1.68 ಟಿಎಂಸಿ. ಕೆಆರ್‌ಎಸ್‌ನ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಈಗಿರುವ 41 ಕಳೆದರೆ ಇನ್ನೂ 8.45 ಟಿಎಂಸಿ ಬೇಕು. 8.45ನ್ನು 1.68ರಿಂದ ಭಾಗಿಸಿದರೆ ಐದು ದಿನ. ಸೋಮವಾರದಿಂದ ಐದು ದಿನ ಎಂದರೆ ಶನಿವಾರ. ಅಧಿಕಾರಿ 'ವಾರಾಂತ್ಯಕ್ಕೆ' ಎಂದದ್ದು ಸರಿಯಾಗಿಯೇ ಇದೆ. ವರದಿಗಾರರೂ ಸರಿಯಾಗಿಯೇ ಬರೆದಿದ್ದಾರೆ. ಐದು ದಿನವನ್ನು 'ಕ್ಷಣ' ಮಾಡಿದ್ದು ಶೀರ್ಷಿಕೆ. ಜತೆಗೆ 'ಒಳಹರಿವು ಹೀಗೇ ಇದ್ದರೆ' ಎಂಬ ಷರತ್ತೂ ಮೇಲೆ ಹೋಗುವಾಗ ಉದುರಿದೆ. ಕೊಡಗಿನಲ್ಲಿ ಎರಡು ದಿನ ಮಳೆ ಬಿಡುವು ಕೊಟ್ಟರೆ ಒಳಹರಿವು ಇಳಿದು, ಐದು ದಿನ ಹತ್ತಾಗಬಹುದು. ಗುರುತು: ಇಷ್ಟಿಲ್ಲ.

ಇಂಥ 'ರೆ'ಗಳ ಮೇಲೆ ಒಂದು ಕಣ್ಣಿರಲಿ. ಬಂದರೆ, ಇದ್ದರೆ, ಮುಂದುವರಿದರೆ ಎಂಬ ಪ್ರತ್ಯಯ ಒಂದೇ ಅಕ್ಷರದ್ದು, ಆದರೆ ಇಡೀ ವಾಕ್ಯದ ಭಾರ ಅದರ ಮೇಲಿರುತ್ತದೆ. 'ಸಾಧ್ಯತೆ', 'ನಿರೀಕ್ಷೆ', 'ಎನ್ನಲಾಗಿದೆ' ಎಂಬ ಪದಗಳೂ ಹಾಗೆಯೇ. ಒಳಗಿನ ಸುದ್ದಿಯಲ್ಲಿ ಇವನ್ನು ಪೆನ್ಸಿಲಿನಲ್ಲಿ ಸುತ್ತು ಹಾಕಿ, ಶೀರ್ಷಿಕೆಯಲ್ಲಿ ಉಳಿದಿವೆಯೇ ನೋಡಿ.

ಪ್ರವಾಹ ಭೀತಿಗೆ ಬರೋಣ. ಹೊರಹರಿವು ಬರೀ 2,500 ಕ್ಯೂಸೆಕ್. ಹೊರಹರಿವು ಎಂದರೆ ಅಷ್ಟೂ ನದಿಗೇ ಹೋಗುತ್ತದೆ ಎಂದಲ್ಲ, ವಿ.ಸಿ. ನಾಲೆಯಂಥ ನಾಲೆಗಳಿಗೆ ಬಿಟ್ಟದ್ದೂ ಅದರಲ್ಲೇ ಸೇರಿರಬಹುದು. ಹಾಗಾಗಿ ನದಿಗೆ ಹೋಗುತ್ತಿರುವುದು ಇನ್ನೂ ಕಡಿಮೆ ಇರಬಹುದು. ನಿಜವಾಗಿ ಹೊಳೆ ಉಕ್ಕುವಾಗ ಸುದ್ದಿಯ ಒಳಗೆ ಬೇರೆಯೇ ಗುರುತುಗಳಿರುತ್ತವೆ: ಹೊರಹರಿವು ಹತ್ತಾರು ಸಾವಿರ ಕ್ಯೂಸೆಕ್ ಇರುತ್ತದೆ, ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಲ್ಲಿಸಿರುತ್ತಾರೆ, ಶ್ರೀರಂಗಪಟ್ಟಣದ ಸ್ನಾನಘಟ್ಟಗಳಿಗೆ ಇಳಿಯಬೇಡಿ ಎಂದಿರುತ್ತಾರೆ. ಇಲ್ಲಿ ಇಂಥದ್ದು ಒಂದೂ ಇಲ್ಲ. ಇರುವುದು ಅಧಿಕಾರಿಗಳು ಪ್ರತಿ ಮಳೆಗಾಲವೂ ಹೇಳುವ ಎಚ್ಚರಿಕೆಯ ಮಾತು. ಎಚ್ಚರಿಕೆ ಹೇಳುವುದು ಬೇರೆ, ಭೀತಿ ಹುಟ್ಟಿರುವುದು ಬೇರೆ. ಗುರುತು: ಇಲ್ಲವೇ ಇಲ್ಲ.

ಮೂರನೆಯದ್ದು ಸ್ವಾರಸ್ಯದ್ದು. 'ಜನ ಕಂಗಾಲು' ಎಂದರು. ಒಳಗೆ ಮಾತಾಡಿದ ಜನ ಎಷ್ಟು ಎಂದು ಎಣಿಸಿ. ಅಧಿಕಾರಿಯನ್ನು ಬಿಟ್ಟರೆ ಒಬ್ಬರೇ ರೈತ, ಅವರೂ ನಾಟಿ ಮಾಡುವ ಖುಷಿಯಲ್ಲಿದ್ದಾರೆ. ಗುರುತು: ಉಲ್ಟಾ ಇದೆ. ಜನಾಕ್ರೋಶ, ಗ್ರಾಮಸ್ಥರ ವಿರೋಧ, ರೈತರು ಗರಂ ಎಂಬ ಶೀರ್ಷಿಕೆಗಳಲ್ಲೆಲ್ಲ ಇದೊಂದು ಎಣಿಕೆ ಸಾಕು. ಬಹುವಚನದ ಭಾವನೆಗೆ ಒಳಗೆ ಎಷ್ಟು ಬಾಯಿಗಳ ಆಧಾರವಿದೆ? ಎಷ್ಟೋ ಸಲ ಒಂದೇ ಒಂದು ಇರುತ್ತದೆ.

ಇದೇ ವಸ್ತುವಿನಲ್ಲಿ ಸುಳ್ಳೇ ಇಲ್ಲದೆ ದಾರಿ ತಪ್ಪಿಸುವ ಬಗೆಯೂ ಒಂದುಂಟು. '100 ಅಡಿ ಮುಟ್ಟಿದ ಕನ್ನಂಬಾಡಿ' ಎಂಬ ಶೀರ್ಷಿಕೆ ನೋಡಿ. 124.80ರಲ್ಲಿ 100 ಎಂದರೆ ನೂರಕ್ಕೆ ಎಂಬತ್ತು. ಓದಿದವರು ಅಣೆಕಟ್ಟೆ ಎಂಬತ್ತು ಪಾಲು ತುಂಬಿತು ಎಂದುಕೊಳ್ಳುತ್ತಾರೆ. ನಿಜಕ್ಕೂ 100 ಅಡಿಯಲ್ಲಿ ಇರುವ ನೀರು ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಜಲಾಶಯ ಬಾಣಲೆಯ ಹಾಗೆ, ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಕೆಳಗಿನ ಒಂದು ಅಡಿಯಲ್ಲಿ ಹಿಡಿಯುವ ನೀರಿಗಿಂತ ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಎಷ್ಟೋ ಪಟ್ಟು ಹೆಚ್ಚು. 'ಒಂದೇ ದಿನ ಮೂರು ಅಡಿ ಏರಿಕೆ' ಎಂದು ಜೂನ್‌ನಲ್ಲಿ ಬಂದರೆ ಸಂಭ್ರಮಿಸುವ ಮುಂಚೆ ಒಳಗೆ ಟಿಎಂಸಿ ಅಂಕಿ ಹುಡುಕಿ. ಶೀರ್ಷಿಕೆ ಅಡಿಯಲ್ಲಿ ಮಾತಾಡಿ, ಒಳಗೆ ಟಿಎಂಸಿ ಕೊಟ್ಟಿದ್ದರೆ ಟಿಎಂಸಿಯನ್ನೇ ನಂಬಿ. ನಾಲೆಗೆ ಬಿಡುವುದು ನೀರನ್ನು, ಅಡಿಯನ್ನಲ್ಲ.

ಅಳತೆ ಆರಿಸಿ ಉಬ್ಬಿಸುವುದು ನೀರಿಗಷ್ಟೇ ಸೀಮಿತವಲ್ಲ. 'ಮಂಡ್ಯ ಬೆಲ್ಲಕ್ಕೆ ಬಂಪರ್ ಬೆಲೆ: ಕ್ವಿಂಟಲ್‌ಗೆ 5,400 ರೂ.' ಎಂದು ಶೀರ್ಷಿಕೆ ಇದೆ ಎನ್ನಿ (ಇದೂ ಕಟ್ಟಿದ್ದೇ). ಎಪಿಎಂಸಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಒಳಗೆ ಕನಿಷ್ಠ 3,900, ಗರಿಷ್ಠ 5,400, ಮಾದರಿ 4,300, ಹಿಂದಿನ ವಾರದ ಮಾದರಿ 4,250 ಎಂದಿದ್ದರೆ, ಹೆಚ್ಚಿನ ಮಾಲು ಮಾರಾಟವಾದ ದರ ಏರಿದ್ದು ಐವತ್ತು ರೂಪಾಯಿ ಮಾತ್ರ. 5,400 ಯಾವುದೋ ಒಂದು ಒಳ್ಳೆಯ ಲಾಟಿಗೆ ಸಿಕ್ಕಿದ್ದು. ಅದು ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ ಎಂಬುದನ್ನೂ ಶೀರ್ಷಿಕೆ ಹೇಳುವುದಿಲ್ಲ. ಆಲೆಮನೆಯವರು ಈ ಶೀರ್ಷಿಕೆ ನಂಬಿ ಗಾಡಿ ಕಟ್ಟಿದರೆ ಮಂಡಿಯಲ್ಲಿ ಸಿಗುವುದು 4,300ರ ಆಸುಪಾಸು.

ಚಿಹ್ನೆಗಳ ಬಗ್ಗೆ ಎರಡು ಮಾತು. ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳ ಪ್ರಕಾರ ಶೀರ್ಷಿಕೆಗೆ ಅದರ ಕೆಳಗಿನ ವಿಷಯ ಸಮರ್ಥನೆ ಕೊಡಬೇಕು. ಶೀರ್ಷಿಕೆಯಲ್ಲಿ ಆರೋಪವಿದ್ದರೆ ಮಾಡಿದವರು ಯಾರೆಂದು ಹೇಳಬೇಕು, ಇಲ್ಲವೇ ಕನಿಷ್ಠ ಉದ್ಧರಣ ಚಿಹ್ನೆಯಾದರೂ ಇರಬೇಕು. ಹಾಗಾಗಿ 'ನಾಲೆ ಕಾಮಗಾರಿಯಲ್ಲಿ ಅಕ್ರಮ' ಎಂದು ಬರಿದಾಗಿ ಕಂಡರೆ ಒಳಗೆ ಹೋಗಿ ಅದು ತನಿಖೆಯಲ್ಲಿ ಕಂಡದ್ದೋ, ಸಭೆಯಲ್ಲಿ ಒಬ್ಬ ಸದಸ್ಯರು ದೂರಿದ್ದೋ ನೋಡಬೇಕು. ಚಿಹ್ನೆ ಇದ್ದರೂ ಆ ಮಾತು ಒಳಗೆ ಅಕ್ಷರಶಃ ಇದೆಯೇ ಎಂದು ಹುಡುಕಿ. ಕೆಲವು ಸಲ ಚಿಹ್ನೆಯ ಒಳಗಿರುವುದು ಡೆಸ್ಕಿನವರ ಸ್ವಂತ ಪದ. ಪ್ರಶ್ನಾರ್ಥಕ ಇದ್ದರೆ ಇನ್ನೂ ಸುಲಭ: 'ಇಂದು ಮಧ್ಯರಾತ್ರಿಯೇ ತಮಿಳುನಾಡಿಗೆ ನೀರು?' ಎಂಬಲ್ಲಿ ಪ್ರಶ್ನೆಗೆ 'ಹೌದು' ಎನ್ನುವ ವಾಕ್ಯ ಒಳಗೆ ಸಿಗದಿದ್ದರೆ ಅದು ಸುದ್ದಿಯಲ್ಲ, ಊಹೆ.

ಶೀರ್ಷಿಕೆ, ಒಳಗಿನ ಸುದ್ದಿ ಹೊಂದದ ಕಡೆಯಲ್ಲೆಲ್ಲ ದುರುದ್ದೇಶ ಹುಡುಕಬೇಡಿ. ಪತ್ರಿಕೆಯಲ್ಲಿ ಸುದ್ದಿ ಬರೆಯುವವರು ಒಬ್ಬರು, ಶೀರ್ಷಿಕೆ ಕೊಡುವವರು ಸಾಮಾನ್ಯವಾಗಿ ಡೆಸ್ಕಿನಲ್ಲಿರುವ ಇನ್ನೊಬ್ಬರು. ಎರಡು ಕಾಲಂ ಅಗಲದಲ್ಲಿ 'ಒಳಹರಿವು ಹೀಗೇ ಇದ್ದರೆ' ಹಿಡಿಯುವುದಿಲ್ಲ. ವೆಬ್ ಸುದ್ದಿಯಲ್ಲಿ ಬೆಳಿಗ್ಗೆಯ ಶೀರ್ಷಿಕೆ ಹಾಗೇ ಇದ್ದು, ಒಳಗಿನ ಅಂಕಿಯನ್ನು ಸಂಜೆ ಬದಲಿಸಿರುವುದೂ ಉಂಟು. ಪ್ರಕಟವಾದ ಸಮಯ, ತಿದ್ದಿದ ಸಮಯ ಎರಡನ್ನೂ ನೋಡಿ. 'ಇಷ್ಟಿಲ್ಲ' ಎಂಬ ಗುರುತು ಒಂದೇ ಇದ್ದರೆ ಜಾಗದ ತೊಂದರೆ ಇರಬಹುದು. 'ಉಲ್ಟಾ ಇದೆ' ಎಂಬುದಕ್ಕೆ ಜಾಗದ ನೆಪ ನಡೆಯುವುದಿಲ್ಲ.

ಎಲ್ಲ ಗುರುತು ಹಾಕಿದ ಮೇಲೆ ಅಷ್ಟೇ ಪದಗಳ ಒಳಗೆ ಶೀರ್ಷಿಕೆಯನ್ನು ತಿರುಗಿ ಬರೆಯಿರಿ. ಜಾಗ ಸಾಲಲಿಲ್ಲ ಎಂಬುದು ನಿಜವೋ ನೆಪವೋ ಆಗ ಗೊತ್ತಾಗುತ್ತದೆ. ಮೇಲಿನ ಸುದ್ದಿಗೆ ನಮ್ಮದು: 'ಕೆಆರ್‌ಎಸ್ 118 ಅಡಿ: ಒಳಹರಿವು ಇಳಿಯದಿದ್ದರೆ ವಾರಾಂತ್ಯಕ್ಕೆ ಭರ್ತಿ'. ಮೂಲದಲ್ಲಿ ಎಂಟು ಪದ, ಇದರಲ್ಲಿ ಏಳೇ.

ಈ ಹೋಲಿಕೆಗೆ ಸಿಗದ ತಪ್ಪೊಂದಿದೆ: ಒಳಗಿನ ಸುದ್ದಿಯೇ ತಪ್ಪಾಗಿ, ಶೀರ್ಷಿಕೆ ಅದನ್ನೇ ನಿಷ್ಠೆಯಿಂದ ಹೇಳುವುದು. 'ದಿನಕ್ಕೆ 10,000 ಕ್ಯೂಸೆಕ್' ಎಂಬ ಬರಹ ಅಂಥದ್ದು. ಕ್ಯೂಸೆಕ್‌ನಲ್ಲಿ ಸೆಕೆಂಡ್ ಆಗಲೇ ಇದೆ, ಮತ್ತೆ ದಿನಕ್ಕೆ ಎಂದರೆ ಅರ್ಥವಾಗುವುದಿಲ್ಲ. ಎಷ್ಟು ದಿನ ಎಂಬುದನ್ನು ಹೇಳಬೇಕು. ಇಂಥ ಕಡೆ ಅದೇ ದಿನದ ಜಲಾಶಯ ಮಟ್ಟದ ಪಟ್ಟಿಯನ್ನು ತೆಗೆದು, ಒಳಗಿನ ಅಂಕಿಯ ಪಕ್ಕ ಇಟ್ಟು ನೋಡಬೇಕಾಗುತ್ತದೆ.