ದೂರಿನ ಪತ್ರ ಮತ್ತು ಮೂರು ಗಡಿಯಾರಗಳು

ಬ್ಯಾಂಕಿನ ಸೇವಾ ಗುಣಮಟ್ಟದ ಪರಿಶೀಲನೆಗೆ ಮುನ್ನ ಗ್ರಾಹಕರ ಪತ್ರಗಳನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸಬೇಕಾಗುತ್ತದೆ. ಉದಾಹರಣೆಗೆ ಇಂಥದೊಂದು ಪತ್ರವನ್ನು ಊಹಿಸಿಕೊಳ್ಳೋಣ: ಜೂನ್ 3ರಂದು ಎಟಿಎಂನಲ್ಲಿ ಹಣ ಬರಲಿಲ್ಲ, ಆದರೆ ಖಾತೆಯಿಂದ 5,000 ರೂಪಾಯಿ ಕಡಿತವಾಗಿದೆ, ಸಹಾಯವಾಣಿಗೆ ಕರೆ ಮಾಡಿದರೆ ಸರಿಯಾಗಿ ಉತ್ತರಿಸಲಿಲ್ಲ, ಯಂತ್ರ ಕೆಟ್ಟಿರಬೇಕು.

ಪತ್ರ ಒಂದೇ ಆದರೂ ದೂರುಗಳು ಎರಡು. ಹಣ ಬಾರದಿರುವುದನ್ನೂ ಸಹಾಯವಾಣಿಯ ವರ್ತನೆಯನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಯದಿದ್ದರೆ, ಎರಡನೆಯದು ಲೆಕ್ಕಕ್ಕೇ ಸಿಗುವುದಿಲ್ಲ. ವರ್ಗಗಳ ವ್ಯಾಖ್ಯೆ ಸ್ಪಷ್ಟವಾಗಿದೆಯೇ ಎಂದು ತಿಳಿಯಲು ಒಂದೇ ಕಟ್ಟು ಪತ್ರಗಳನ್ನು ಇಬ್ಬರು ಪ್ರತ್ಯೇಕವಾಗಿ ವಿಂಗಡಿಸಿ ತಾಳೆ ನೋಡಬೇಕು. ಒಂದೇ ಬಗೆಯ ಪತ್ರಗಳಲ್ಲಿ ಮತ್ತೆ ಮತ್ತೆ ಭಿನ್ನಾಭಿಪ್ರಾಯ ಬಂದರೆ ದೋಷವಿರುವುದು ಸಾಮಾನ್ಯವಾಗಿ ವ್ಯಾಖ್ಯೆಯಲ್ಲಿ.

‘ಯಂತ್ರ ಕೆಟ್ಟಿದೆ’ ಎಂಬುದು ಗ್ರಾಹಕರ ಊಹೆಯೇ ಹೊರತು ಮೂಲ ಕಾರಣವಲ್ಲ. ನೋಟು ಸಿಕ್ಕಿಹಾಕಿಕೊಂಡಿರಬಹುದು, ಅಥವಾ ಜಾಲ ಸಂಪರ್ಕ ನಡುವೆ ಕಡಿದು ವಹಿವಾಟು ವಿಫಲವಾದ ಸುದ್ದಿ ಬ್ಯಾಂಕಿಗೆ ತಲುಪದೇ ಇದ್ದಿರಬಹುದು. ಇದು ಗೊತ್ತಾಗುವುದು ಯಂತ್ರವು ಪ್ರತಿ ವಹಿವಾಟನ್ನೂ ದಾಖಲಿಸಿಕೊಳ್ಳುವ ಎಲೆಕ್ಟ್ರಾನಿಕ್ ಜರ್ನಲ್ಲಿನಿಂದ, ಜೊತೆಗೆ ಯಂತ್ರದ ನಗದನ್ನು ಎಣಿಸಿದಾಗ ಸಿಗುವ ಹೆಚ್ಚುವರಿ ಮೊತ್ತದಿಂದ. ಆದ್ದರಿಂದ ಕಾರಣದ ಅಂಕಣವನ್ನು ಪತ್ರವನ್ನಷ್ಟೇ ಓದಿ ತುಂಬಬಾರದು. ದಾಖಲೆ ಸಿಗುವವರೆಗೆ ‘ಪರಿಶೀಲನೆಯಲ್ಲಿದೆ’ ಎಂದಿರಲಿ. ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂದು ಬರೆದು ಮುಗಿಸುವುದಂತೂ ತನಿಖೆಯನ್ನು ಅರ್ಧಕ್ಕೆ ಬಿಟ್ಟಂತೆ.

ಹೆಚ್ಚು ಎಡವಟ್ಟಾಗುವುದು ಕಾಲದ ಲೆಕ್ಕದಲ್ಲಿ. ಮೇಲಿನ ಪತ್ರ ಶಾಖೆಗೆ ತಲುಪಿದ್ದು ಜೂನ್ 14ರಂದು, ಸ್ವೀಕೃತಿ ಹೋದದ್ದು 15ರಂದು, ಹಣ ಜಮೆಯಾದದ್ದು 20ರಂದು ಎಂದಿಟ್ಟುಕೊಳ್ಳೋಣ. ಸ್ವೀಕೃತಿಯನ್ನೇ ಉತ್ತರವೆಂದು ಎಣಿಸಿದರೆ ಆದದ್ದು 1 ದಿನ, ದೂರು ತಲುಪಿದಂದಿನಿಂದ ಎಣಿಸಿದರೆ 6 ದಿನ, ಗ್ರಾಹಕರು ಕಾದದ್ದು ಮಾತ್ರ 17 ದಿನ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಎಣಿಕೆ ಆರಂಭವಾಗುವುದು ವಹಿವಾಟಿನ ದಿನದಿಂದ: ಆಮೇಲಿನ 5 ದಿನಗಳೊಳಗೆ ಹಣ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ಕೊಡಬೇಕು. ಇಲ್ಲಿ ಗಡುವು ಜೂನ್ 8. ವಿಳಂಬ 12 ದಿನ. ಪರಿಹಾರ 1,200 ರೂಪಾಯಿ. ‘6 ದಿನದಲ್ಲಿ ಇತ್ಯರ್ಥ’ ಎಂದಷ್ಟೇ ಬರೆದ ವರದಿಯಲ್ಲಿ ಈ ಬಾಕಿ ಕಾಣುವುದೇ ಇಲ್ಲ.

ಸರಾಸರಿಯೊಂದನ್ನೇ ಕೊಡುವುದೂ ಸಾಲದು. ಏಳು ದೂರುಗಳು 2, 3, 3, 4, 5, 6 ಮತ್ತು 47 ದಿನಗಳಲ್ಲಿ ಮುಗಿದಿದ್ದರೆ ಸರಾಸರಿ 10 ದಿನ, ಮಧ್ಯಾಂಕ 4 ದಿನ. ಮಧ್ಯಾಂಕವು ಸಾಮಾನ್ಯ ಗ್ರಾಹಕರ ಅನುಭವವನ್ನು ಹೇಳುತ್ತದೆ, ಆದರೆ 47 ದಿನ ಕಾದವರನ್ನು ಮರೆಮಾಡುತ್ತದೆ. ಹಾಗಾಗಿ ಅತಿ ದೀರ್ಘ ಅವಧಿಯನ್ನೂ ಪಕ್ಕದಲ್ಲೇ ನಮೂದಿಸಬೇಕು. ಇನ್ನೂ ಇತ್ಯರ್ಥವಾಗದ ದೂರುಗಳು ಈ ಯಾವ ಅಂಕಿಯಲ್ಲೂ ಸೇರುವುದಿಲ್ಲವಾದ್ದರಿಂದ, ಕಷ್ಟದ ದೂರುಗಳನ್ನು ಬಾಕಿ ಉಳಿಸಿಕೊಂಡ ಶಾಖೆಯೇ ಚುರುಕಾಗಿ ಕಾಣುತ್ತದೆ. ಅವುಗಳನ್ನು ಎಷ್ಟು ದಿನಗಳಿಂದ ಬಾಕಿಯಿವೆ ಎಂಬುದರೊಂದಿಗೆ ಪ್ರತ್ಯೇಕವಾಗಿ ತೋರಿಸಬೇಕು, 30 ದಿನ ದಾಟಿದವುಗಳನ್ನು ಮೇಲೆಯೇ ಇಡಬೇಕು. ಅಷ್ಟರೊಳಗೆ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ಗ್ರಾಹಕರು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು.